ಅಡುಗೆಮನೆ ಕಿಟಕಿಗೆ ಯಾವ ಬ್ಲೈಂಡ್? ಎಣ್ಣೆ, ಹಬೆ ನೋಡಿ ರೋಲರ್, ರೋಮನ್, ವೆನೀಶಿಯನ್ ಆರಿಸುವ ಕ್ರಮ

ಬೆಳಗಾವಿಯಲ್ಲಿ ಮಳೆಗಾಲ ಮುಗಿದ ಕೂಡಲೇ ನನಗೆ ಒಂದೇ ತರಹದ ಫೋನ್‌ಗಳು ಬರುತ್ತವೆ. ಹಾಲ್‌ನಲ್ಲಿ ಹಾಕಿಸಿದ ಬ್ಲೈಂಡ್ ಚೆನ್ನಾಗೇ ಇದೆ, ಅದೇ ಅಂಗಡಿಯಿಂದ ತಂದು ಅಡುಗೆಮನೆಗೆ ಹಾಕಿಸಿದ್ದು ಮಾತ್ರ ಅಂಟಂಟಾಗಿದೆ, ಕಪ್ಪು ಚುಕ್ಕೆ ಬಿದ್ದಿದೆ, ವಾಸನೆ ಬರುತ್ತಿದೆ. ಏನು ಹಚ್ಚಿ ತೊಳೆಯಬೇಕು ಅಂತ ಕೇಳುತ್ತಾರೆ. ಬಹಳ ಸಲ ಆ ಹೊತ್ತಿಗೆ ತೊಳೆಯುವ ಕಾಲ ದಾಟಿರುತ್ತದೆ.

ತಪ್ಪು ಆಗುವುದು ಕ್ರಮದಲ್ಲಿ. ಮೊದಲು ಬಣ್ಣ ಆರಿಸುತ್ತಾರೆ, ಆಮೇಲೆ ಅಳತೆ ಕೊಡುತ್ತಾರೆ, ಕೊನೆಗೆ ಒಲೆ ಎಲ್ಲಿದೆ ಅಂತ ನೋಡುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಒಲೆ, ಆಮೇಲೆ ಕಿಟಕಿಗೆ ಬರುವ ಎಣ್ಣೆ ಮತ್ತು ಹಬೆ, ಆಮೇಲೆ ಬ್ಲೈಂಡಿನ ಜಾತಿ, ಅಳತೆ. ಬಣ್ಣ ಕೊನೆಗೆ.

ಉದಾಹರಣೆಗೆ ಟಿಳಕವಾಡಿಯಲ್ಲಿರುವ ನನ್ನ ಅಕ್ಕನ ಅಡುಗೆಮನೆಯನ್ನೇ ತೆಗೆದುಕೊಳ್ಳುತ್ತೇನೆ. ಯಾಕಂದ್ರೆ ಆ ಒಂದೇ ಕಿಟಕಿ ರೋಮನ್, ವೆನೀಶಿಯನ್, ರೋಲರ್ ಮೂರನ್ನೂ ಕಂಡಿದೆ. ಪಡುವಣ ದಿಕ್ಕಿನ ಕಿಟಕಿ, ಸುಮಾರು 4 ಅಡಿ ಅಗಲ, ಮೂರೂವರೆ ಅಡಿ ಎತ್ತರ. ಅದರ ಕೆಳಗೇ ಸಿಂಕ್. ಗ್ಯಾಸ್ ಒಲೆ ಎಡಕ್ಕೆ.

## ಬೇಕಾದ ಸಾಮಾನು

ಉಕ್ಕಿನ ಅಳತೆ ಟೇಪ್, ಬಿಳಿ ಹತ್ತಿ ಬಟ್ಟೆಯ ಎರಡು ತುಂಡು, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು, ಪೆನ್ಸಿಲ್, ಮಟ್ಟ ನೋಡುವ ಲೆವೆಲ್. ನೀವೇ ಕೂಡಿಸುವುದಾದರೆ ಡ್ರಿಲ್, 6 ಮಿ.ಮೀ. ಬಿಟ್, ಪ್ಲಾಸ್ಟಿಕ್ ಪ್ಲಗ್, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಬ್ಲೈಂಡಿನ ಡಬ್ಬಿಯಲ್ಲಿ ಬರುವ ಸ್ಕ್ರೂ ಸಾಮಾನ್ಯವಾಗಿ ಸಾದಾ ಕಬ್ಬಿಣದ್ದು, ಮೇಲೆ ತೆಳ್ಳಗೆ ಲೇಪ ಇರುತ್ತದೆ. ಸಿಂಕಿನ ಮೇಲೆ ಅದು ತುಕ್ಕು ಹಿಡಿದು ಗೋಡೆಗೆ ಕೆಂಪು ಗೆರೆ ಇಳಿಸುತ್ತದೆ. ಅದನ್ನು ಬದಿಗಿಡಿ.

## ಹಂತ 1: ಒಲೆಯಿಂದ ಕಿಟಕಿಗೆ ಟೇಪ್ ಹಿಡಿಯಿರಿ

ಕಿಟಕಿಗೆ ಹತ್ತಿರದ ಬರ್ನರ್‌ನ ಅಂಚಿನಿಂದ, ಬ್ಲೈಂಡ್ ಇಳಿಯುವ ಜಾಗದ ಹತ್ತಿರದ ಅಂಚಿನವರೆಗೆ ಅಳೆಯಿರಿ. ಇಷ್ಟು ವರ್ಷದ ಕೆಲಸದಲ್ಲಿ ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ.

60 ಸೆಂ.ಮೀ. ಒಳಗಿದ್ದರೆ, ಅಥವಾ ಕಿಟಕಿ ಒಲೆಯ ಹಿಂದೆಯೇ ಇದ್ದರೆ, ಯಾವ ಬ್ಲೈಂಡೂ ಬೇಡ. ಗಾಳಿ ಬೀಸಿದಾಗ ಬಟ್ಟೆಯ ಅಂಚು ಉರಿಯ ಕಡೆ ಹಾರುತ್ತದೆ. ಅಲ್ಯೂಮಿನಿಯಂ ಪಟ್ಟಿ ತಾನು ಸುಡುವುದಿಲ್ಲ, ಆದರೆ ಅದನ್ನು ಹಿಡಿದಿರುವ ದಾರ ಸುಡುತ್ತದೆ. ಅಲ್ಲಿ ಗಾಜಿನ ಕೆಳಗಿನ ಅರ್ಧಕ್ಕೆ ಮಂಜುಬಣ್ಣದ ಫಿಲ್ಮ್ ಅಂಟಿಸಿ, ಮೇಲಿನ ಅರ್ಧ ಹಾಗೇ ಬಿಡಿ.

60ರಿಂದ 150 ಸೆಂ.ಮೀ. ನಡುವೆ ಇದ್ದರೆ ಮೇಲ್ಮೈ ನುಣುಪಾಗಿರುವ, ಒರೆಸಲು ಬರುವ ರೋಲರ್ ಮಾತ್ರ. ಅದಕ್ಕಿಂತ ದೂರವಿದ್ದರೆ ವೆನೀಶಿಯನ್ ಕೂಡ ನಡೆಯುತ್ತದೆ. ರೋಮನ್ ಬೇಕೇ ಬೇಕು ಅನ್ನುವವರಿಗೆ ಒಲೆಯಿಂದ ಎರಡೂವರೆ ಮೀಟರ್ ಆಚೆ ಇರಬೇಕು, ಕೆಳಗೆ ಸಿಂಕ್ ಇರಬಾರದು. ಊಟದ ಟೇಬಲ್ ಇರುವ ಕಡೆಯ ಕಿಟಕಿ ಅಂತ ಇಟ್ಟುಕೊಳ್ಳಿ.

ಅಕ್ಕನ ಕಿಟಕಿಗೆ ಟೇಪ್ ಹಿಡಿದಾಗ ಬಂದದ್ದು 95 ಸೆಂ.ಮೀ. ಈ ಒಂದು ಅಳತೆಯನ್ನು ಮೊದಲೇ ತೆಗೆದಿದ್ದರೆ ಎರಡು ಬ್ಲೈಂಡಿನ ದುಡ್ಡು ಉಳಿಯುತ್ತಿತ್ತು.

## ಹಂತ 2: ಎಂಟು ದಿನದ ಬಟ್ಟೆ ಪರೀಕ್ಷೆ

ದೂರ ಒಂದನ್ನೇ ನಂಬಬೇಡಿ. ಚಿಮಣಿ ಇರುವ ಮನೆ ಬೇರೆ, ಇಲ್ಲದ ಮನೆ ಬೇರೆ. ವಾರಕ್ಕೊಮ್ಮೆ ಕರಿಯುವ ಮನೆ ಬೇರೆ, ದಿನಾ ಸಂಜೆ ಮಿರ್ಚಿ ಭಜಿ ಬೇಕು ಅನ್ನುವ ಮನೆ ಬೇರೆ.

ಕಿಟಕಿ ಚೌಕಟ್ಟಿನ ಮೇಲ್ಭಾಗವನ್ನು, ಬ್ಲೈಂಡ್ ಬರುವ ಜಾಗದಲ್ಲೇ, ಸೋಪು ಹಾಕಿ ತೊಳೆದು ಒಣಗಿಸಿ. ಎಂಟು ದಿನ ಎಂದಿನಂತೆ ಅಡುಗೆ ಮಾಡಿ. ಒಂಬತ್ತನೇ ದಿನ ಒಣ ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಅಲ್ಲಿ ಎಳೆಯಿರಿ. ಬಟ್ಟೆ ಸರಾಗವಾಗಿ ಜಾರಿ ಬೂದು ಬಣ್ಣ ಬಂದರೆ ಅದು ಬರೀ ಧೂಳು. ಬಟ್ಟೆ ತಡೆದು ತಡೆದು ನಿಂತು, ಹಳದಿ ಕಂದು ಬಣ್ಣ ಹತ್ತಿದರೆ ಅದು ಎಣ್ಣೆ. ಬೆರಳಿಗೆ ಸಣ್ಣ ಉಂಡೆಗಳು ಸಿಕ್ಕರೆ ಎಣ್ಣೆಯ ಮೇಲೆ ಹಿಟ್ಟು ಕೂತಿದೆ ಅಂತ ಅರ್ಥ. ರೊಟ್ಟಿ ಬಡಿಯುವ ನಮ್ಮ ಮನೆಗಳಲ್ಲಿ ಇದು ಯಾವಾಗಲೂ ಇರುವಂಥದ್ದು. ಜೋಳದ ಹಿಟ್ಟು ಹಗುರ. ಕಟ್ಟೆಯ ಮೇಲೆ ಉದುರಿಸಿದ್ದು ಗಾಳಿಗೆ ಎದ್ದು ಕಿಟಕಿಗೆ ಹೋಗಿ ಕೂರುತ್ತದೆ. ಎಣ್ಣೆ ಇದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ.

ಹಬೆಗೆ ಬೇರೆ ಲೆಕ್ಕ. ಬೆಳಿಗ್ಗೆ ಕುಕ್ಕರ್ ಕೂಗಿ ಮುಗಿದ ಮೇಲೆ ಗಾಜನ್ನು ನೋಡಿ. ನೀರ ಹನಿ ಕಟ್ಟಿದ್ದು ಅರ್ಧ ಗಂಟೆಯಲ್ಲಿ ಆರಿದರೆ ಚಿಂತೆ ಇಲ್ಲ. ಎರಡು ಗಂಟೆ ಆದರೂ ಗಾಜಿನ ಕೆಳ ಅಂಚಿನಲ್ಲಿ ಹಸಿ ಉಳಿದರೆ, ಅಲ್ಲಿ ಮಡಿಕೆ ಬೀಳುವ ಬಟ್ಟೆ ಒಣಗುವುದಿಲ್ಲ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೂ ಹಸಿ, ಒಳಗೂ ಹಸಿ. ದಾರದ ಮೇಲಿನ ಬಟ್ಟೆಯೇ ಎರಡು ದಿನ ಒಣಗದ ಊರಲ್ಲಿ ಅಡುಗೆಮನೆ ಪರದೆ ಹೇಗೆ ಒಣಗಬೇಕು? ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಈ ಕಷ್ಟ ಕಡಿಮೆ. ಅವರಿಗೆ ಕಾಟ ಕೊಡುವುದು ಧೂಳು, ಎಣ್ಣೆಯ ಜೋಡಿ ಅದೂ ಕೂರುತ್ತದೆ.

## ಹಂತ 3: ಮೂರನ್ನೂ ನಿಮ್ಮ ಕಿಟಕಿಯಲ್ಲಿ ನಿಲ್ಲಿಸಿ ನೋಡಿ

ರೋಮನ್. ಇದು ಬಟ್ಟೆಯ ಬ್ಲೈಂಡ್. ಹಿಂದುಗಡೆ ಅಡ್ಡ ಕಡ್ಡಿಗಳು, ರಿಂಗು, ದಾರ. ಎಳೆದಾಗ ಮಡಿಕೆ ಮಡಿಕೆಯಾಗಿ ಮೇಲೆ ಏರುತ್ತದೆ. ಚಂದ ಕಾಣುತ್ತದೆ, ನಿಜ. ಆದರೆ ಎಣ್ಣೆ ಬಟ್ಟೆಯ ಮೇಲೆ ಕೂರುವುದಿಲ್ಲ, ಎಳೆಯೊಳಗೆ ಇಳಿಯುತ್ತದೆ. ಒರೆಸಿದರೆ ಹರಡುತ್ತದೆ. ಮೇಲಕ್ಕೆ ಎತ್ತಿದಾಗ 20ರಿಂದ 25 ಸೆಂ.ಮೀ.ನಷ್ಟು ಮಡಿಕೆಯ ಕಟ್ಟು ಕಿಟಕಿಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಹಬೆ ಹೋಗುವುದೂ ಅಲ್ಲಿಗೇ.

ಅಕ್ಕ ಶಹಾಪುರದಲ್ಲಿ ದಪ್ಪ ಹತ್ತಿ ಬಟ್ಟೆ ಕೊಂಡು ಹೊಲಿಸಿದ್ದಳು. ಆಗಸ್ಟ್‌ನಲ್ಲಿ ಅದನ್ನು ಇಳಿಸಿ ಹಿಂದೆ ನೋಡಿದೆವು. ಪ್ರತಿ ಕಡ್ಡಿಯ ಗೆರೆಗುಂಟ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳ ಸಾಲು. ಬೂಷ್ಟು ಶುರುವಾಗುವುದೇ ಅಲ್ಲಿ, ಯಾಕಂದ್ರೆ ಕಡ್ಡಿಯ ಜೇಬಿನಲ್ಲಿ ಬಟ್ಟೆ ಎರಡು ಪದರ, ಗಾಳಿ ಆಡುವುದಿಲ್ಲ. ತೊಳೆದಾಗ ಮೊದಲೇ ನೆನೆಸದ ಬಟ್ಟೆ ನಾಲ್ಕು ಸೆಂ.ಮೀ. ಕುಗ್ಗಿತು. ಕಡ್ಡಿಗಳ ನಡುವೆ ಬಟ್ಟೆ ಸುರುಟಿಕೊಂಡಿತು. ಒಂದು ಮಳೆಗಾಲಕ್ಕೆ ಅದರ ಕಥೆ ಮುಗಿಯಿತು.

ದೂರದ ಕಿಟಕಿಗೆ ರೋಮನ್ ಹಾಕಿಸುವವರು ಎರಡು ವಿಷಯ ಕೇಳಿ ಮಾಡಿಸಿ. ಬಟ್ಟೆಯನ್ನು ಹೊಲಿಯುವ ಮೊದಲೇ ನೆನೆಸಿ ಒಣಗಿಸಿರಬೇಕು. ಮೇಲಿನ ಪಟ್ಟಿಗೆ ಬಟ್ಟೆಯನ್ನು ವೆಲ್ಕ್ರೋದಿಂದ ಅಂಟಿಸಿರಬೇಕು, ಕಡ್ಡಿಗಳು ಹೊರಗೆ ಬರಬೇಕು. ಇಲ್ಲದಿದ್ದರೆ ತೊಳೆಯಲು ಬಿಚ್ಚುವುದೇ ಆಗುವುದಿಲ್ಲ.

ವೆನೀಶಿಯನ್. ಅಡ್ಡ ಪಟ್ಟಿಗಳದ್ದು. ಪಟ್ಟಿ ತಿರುಗಿಸಿ ಬೆಳಕು, ಗಾಳಿ ಎರಡನ್ನೂ ಬೇಕಾದಷ್ಟೇ ಬಿಡಬಹುದು. ಈ ಅನುಕೂಲ ಬೇರೆ ಎರಡರಲ್ಲಿ ಇಲ್ಲ. ಅಡುಗೆಮನೆಗೆ ಅಲ್ಯೂಮಿನಿಯಂ ಪಟ್ಟಿ ಸರಿ. ಕಟ್ಟಿಗೆಯದು ಹಸಿಗೆ ಉಬ್ಬಿ ಬಾಗುತ್ತದೆ. ಕಟ್ಟಿಗೆಯಂತೆ ಕಾಣುವ ಪಿವಿಸಿ ಪಟ್ಟಿ ಹಸಿಯನ್ನು ತಡೆಯುತ್ತದೆ, ಆದರೆ ಒಲೆಯ ಬಿಸಿ ಮತ್ತು ಪಡುವಣ ಬಿಸಿಲು ಸೇರಿದರೆ ನಡುವೆ ಜೋತು ಬೀಳುತ್ತದೆ.

ತೊಂದರೆ ಇರುವುದು ಲೆಕ್ಕದಲ್ಲಿ. 25 ಮಿ.ಮೀ. ಪಟ್ಟಿಗಳು ಸುಮಾರು 21, 22 ಮಿ.ಮೀ. ಅಂತರದಲ್ಲಿ ಬರುತ್ತವೆ. ಅಕ್ಕನ ಕಿಟಕಿಯ 106 ಸೆಂ.ಮೀ. ಎತ್ತರಕ್ಕೆ ಹತ್ತಿರ ಹತ್ತಿರ 49 ಪಟ್ಟಿ. ಪ್ರತಿಯೊಂದಕ್ಕೂ ಮೇಲೆ, ಕೆಳಗೆ ಎರಡು ಮುಖ. ಅಂದರೆ 98 ಸಲ ಕೈ ಆಡಿಸಬೇಕು. ಪಟ್ಟಿ ತೆಳ್ಳಗಿರುತ್ತದೆ, ಸ್ವಲ್ಪ ಜಾಸ್ತಿ ಒತ್ತಿದರೆ ಸೊಟ್ಟ ಆಗುತ್ತದೆ. ಪಟ್ಟಿ ಹೇಗೋ ಸ್ವಚ್ಛ ಆಗುತ್ತದೆ, ಅದನ್ನು ಹಿಡಿದ ಏಣಿಯಂಥ ದಾರ ಆಗುವುದಿಲ್ಲ. ದಾರ ಎಣ್ಣೆ ಕುಡಿದು ಮೊದಲು ಹಳದಿ, ಆಮೇಲೆ ಕಪ್ಪು. ಎರಡನೇ ವರ್ಷ ಅಕ್ಕ ಹೇಳಿದ್ದು ಇಷ್ಟೇ: "ತಮ್ಮಾ, ಇದನ್ನ ಒರೆಸಿ ಒರೆಸಿ ನನ್ನ ಕೈ ಸೋತಾವ. ತಗದು ಬಿಡು."

ಒಲೆ ದೂರ ಇದ್ದು, ದಿನವಿಡೀ ಗಾಳಿ ಬೆಳಕು ಬೇಕಾದ ಸಿಂಕ್ ಕಿಟಕಿಗೆ ನಾನು ಇಂದಿಗೂ ವೆನೀಶಿಯನ್ನನ್ನೇ ಹೇಳುತ್ತೇನೆ. ನೀರಿಗೆ ಅದು ಹೆದರುವುದಿಲ್ಲ. ಎಣ್ಣೆ ಬರುವ ಕಿಟಕಿಗೆ ಹೇಳುವುದಿಲ್ಲ.

ರೋಲರ್. ಒಂದೇ ಚಪ್ಪಟೆ ಹಾಳೆ, ಮೇಲಿನ ಕೊಳವೆಗೆ ಸುತ್ತಿಕೊಳ್ಳುತ್ತದೆ. ಒರೆಸಲು ಎರಡೇ ಮುಖ, ಅದರಲ್ಲಿ ಕೊಳೆಯಾಗುವುದು ಹೆಚ್ಚಾಗಿ ಒಂದು. ಕರಿಯುವ ಮೊದಲು ಪೂರ್ತಿ ಮೇಲೆ ಸುತ್ತಿಬಿಟ್ಟರೆ ಎಣ್ಣೆ ತಾಗುವುದು ಹೊರಗಿನ ಒಂದು ಸುತ್ತಿಗೆ ಮಾತ್ರ. ಕೊಳವೆಯನ್ನು ಮುಚ್ಚುವ ಅಲ್ಯೂಮಿನಿಯಂ ಕ್ಯಾಸೆಟ್ ಇದ್ದರೆ ಅಷ್ಟೂ ತಾಗುವುದಿಲ್ಲ. ಅಡುಗೆಮನೆಗೆ ಕ್ಯಾಸೆಟ್ ಇಲ್ಲದೆ ರೋಲರ್ ತಗೊಳ್ಳಬೇಡಿ.

ಆದರೆ ರೋಲರ್ ಅಂದಮಾತ್ರಕ್ಕೆ ಎಲ್ಲವೂ ಸರಿ ಅಲ್ಲ. ಸಾದಾ ಪಾಲಿಯೆಸ್ಟರ್ ಬಟ್ಟೆಯ ರೋಲರ್ ಎಣ್ಣೆಯನ್ನು ರೋಮನ್‌ನಂತೆಯೇ ಕುಡಿಯುತ್ತದೆ. ಜಾಲರಿಯಂಥ ಸನ್‌ಸ್ಕ್ರೀನ್ ಬಟ್ಟೆಗೆ ಪಿವಿಸಿ ಲೇಪ ಇರುತ್ತದೆ, ಒರೆಸಲು ಬರುತ್ತದೆ, ಆದರೆ ಅದರ ತೂತುಗಳಲ್ಲಿ ಎಣ್ಣೆ ಮತ್ತು ಹಿಟ್ಟು ಸೇರಿ ಗಟ್ಟಿಯಾಗುತ್ತದೆ. ಇನ್ನೊಂದು, ರಾತ್ರಿ ಒಳಗೆ ದೀಪ ಹಚ್ಚಿದರೆ ಜಾಲರಿಯ ಮೂಲಕ ಹೊರಗಿನವರಿಗೆ ಒಳಗಿನದೆಲ್ಲ ಕಾಣುತ್ತದೆ. ಪಕ್ಕದ ಮನೆ ನಾಲ್ಕು ಅಡಿ ದೂರದಲ್ಲಿದ್ದರೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಎಣ್ಣೆ ಬರುವ ಕಿಟಕಿಗೆ ಬೇಕಾದ್ದು ತೂತಿಲ್ಲದ, ಎರಡೂ ಕಡೆ ನುಣುಪು ಲೇಪ ಇರುವ ಹಾಳೆ.

## ಹಂತ 4: ತುಣುಕು ಮನೆಗೆ ತಂದು ಅರಿಷಿಣ ಹಚ್ಚಿ

ಅಂಗಡಿಯಲ್ಲಿ "ವಾಶೇಬಲ್" ಅಂದರು ಅಂತ ಒಪ್ಪಿಕೊಳ್ಳಬೇಡಿ. ಅಂಗೈ ಅಗಲದ ತುಣುಕು ಕೇಳಿ ತನ್ನಿ. ಕರಿದು ಉಳಿದ ಎಣ್ಣೆ ಅರ್ಧ ಚಮಚ, ಒಂದು ಚಿಟಿಕೆ ಅರಿಷಿಣ, ಒಂದು ಚಿಟಿಕೆ ಜೋಳದ ಹಿಟ್ಟು ಕಲಸಿ ಹಚ್ಚಿ. ಎರಡು ದಿನ ಒಲೆಯ ಹತ್ತಿರದ ಕಟ್ಟೆಯ ಮೇಲೆ ಬಿಡಿ. ಆಮೇಲೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಹತ್ತು ಸಲ ಒರೆಸಿ.

ತೆಳು ಹಳದಿ ನೆರಳು ಉಳಿದರೆ ಪರವಾಗಿಲ್ಲ, ಅರಿಷಿಣದ ಕಲೆ ಬಿಸಿಲಿಗೆ ಮಾಸುತ್ತದೆ. ತುಣುಕನ್ನು ತಿರುಗಿಸಿ ನೋಡಿ. ಹಿಂಬದಿಗೆ ಎಣ್ಣೆ ಇಳಿದಿದ್ದರೆ ಆ ಬಟ್ಟೆ ಬೇಡ. ಕೊನೆಗೆ ಕತ್ತರಿಸಿದ ಅಂಚನ್ನು ಒಂದು ಬಟ್ಟಲು ನೀರಲ್ಲಿ ಬೆರಳಗಲ ಮುಳುಗಿಸಿ ಹತ್ತು ನಿಮಿಷ ನಿಲ್ಲಿಸಿ. ನೀರು ಅಂಚಿನಿಂದ ಮೇಲಕ್ಕೆ ಏರಿ ಬಣ್ಣ ಕಪ್ಪಾದರೆ, ಮಳೆಗಾಲದಲ್ಲಿ ಅದೇ ಅಂಚಿನಿಂದ ಲೇಪ ಬಿಡುತ್ತದೆ.

ಅಕ್ಕನ ಮನೆಗೆ ನಾಲ್ಕು ತುಣುಕು ತಂದಿದ್ದೆ. ಎರಡು ಈ ಪರೀಕ್ಷೆಯಲ್ಲೇ ಬಿದ್ದವು.

## ಹಂತ 5: ಅಳತೆ

ಅಗಲವನ್ನು ಮೂರು ಕಡೆ ಅಳೆಯಿರಿ. ಅಕ್ಕನ ಕಿಟಕಿಯ ಒಳಗೋಡೆಯಿಂದ ಒಳಗೋಡೆಗೆ ಮೇಲೆ 121.4, ನಡುವೆ 121.6, ಕೆಳಗೆ 122 ಸೆಂ.ಮೀ. ಬಂತು. ಗಿಲಾವು ಎಲ್ಲೂ ಸಮ ಇರುವುದಿಲ್ಲ. ಚಿಕ್ಕದನ್ನು ಹಿಡಿದು, ಅದರಲ್ಲಿ 6 ಮಿ.ಮೀ. ಕಳೆದು, 120.8 ಅಂತ ಆರ್ಡರ್ ಕೊಟ್ಟೆವು. ಅಂಗಡಿಯವರೇ ಕಳೆಯುತ್ತಾರೋ ನೀವು ಕಳೆದು ಕೊಡಬೇಕೋ ಅಂತ ಕೇಳಿಕೊಳ್ಳಿ. ಇಬ್ಬರೂ ಕಳೆದರೆ ಬ್ಲೈಂಡ್ ಅಳ್ಳಕ, ಇಬ್ಬರೂ ಬಿಟ್ಟರೆ ಒಳಗೆ ಹೋಗುವುದೇ ಇಲ್ಲ.

ರೋಲರ್‌ನಲ್ಲಿ ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. 120.8 ಅನ್ನುವುದು ಬ್ರಾಕೆಟ್‌ನಿಂದ ಬ್ರಾಕೆಟ್‌ಗೆ. ಹಾಳೆ ಅದಕ್ಕಿಂತ ಮೂರು ಮೂರೂವರೆ ಸೆಂ.ಮೀ. ಕಿರಿದಾಗಿರುತ್ತದೆ. ಎರಡೂ ಬದಿಗೆ ಬೆರಳಗಲ ಬೆಳಕು ಬರುತ್ತದೆ. ಅದು ಬೇಡ ಅಂದರೆ ಗೋಡೆಯ ಹೊರಮುಖಕ್ಕೆ, ಎರಡೂ ಬದಿ 7 ಸೆಂ.ಮೀ. ಜಾಸ್ತಿ ಇಟ್ಟು ಕೂಡಿಸಬೇಕು.

ಆಮೇಲೆ ಆಳ. ನಮ್ಮ ಕಡೆ ಗ್ರಿಲ್ ಒಳಗಡೆ, ಬಾಗಿಲು ಹೊರಗೆ ತೆರೆಯುವುದು ಸಾಮಾನ್ಯ. ಗ್ರಿಲ್‌ನಿಂದ ಗೋಡೆಯ ಅಂಚಿಗೆ ಎಷ್ಟು ಜಾಗ ಇದೆ ನೋಡಿ. ಕ್ಯಾಸೆಟ್ ಇರುವ ರೋಲರ್‌ಗೆ 8 ಸೆಂ.ಮೀ. ಇದ್ದರೆ ಆರಾಮ. ಸಿಂಕಿನ ನಲ್ಲಿಯನ್ನೂ ಮರೆಯಬೇಡಿ. ಉದ್ದ ಕೊಕ್ಕಿನ ನಲ್ಲಿ ಇದ್ದರೆ ಕೆಳಪಟ್ಟಿ ಇಳಿಯುವಾಗ ಅದಕ್ಕೆ ತಾಗಿ ಹಾಳೆ ಮಡಚಿಕೊಳ್ಳುತ್ತದೆ. ಅಂಗಡಿಯಿಂದ ಬಂದು ಅಳತೆ ತೆಗೆಯುವವರು ನಲ್ಲಿಯನ್ನು ನೋಡುವುದೇ ಕಡಿಮೆ.

ಎತ್ತರಕ್ಕೆ 30 ಸೆಂ.ಮೀ. ಹೆಚ್ಚುವರಿ ಹಾಳೆ ಕೇಳಿ, ಅದು ಕೊಳವೆಗೆ ಸುತ್ತಿಕೊಂಡು ಕೂತಿರಲಿ. ಕೆಳಪಟ್ಟಿ ಹೊಲಿದದ್ದು ಬೇಡ, ಅದುಮಿ ಕೂಡಿಸುವ ಅಲ್ಯೂಮಿನಿಯಂ ಪಟ್ಟಿ ಇರಲಿ. ಇದರ ಉಪಯೋಗ ಕೊನೆಯಲ್ಲಿ ಬರುತ್ತದೆ.

## ಹಂತ 6: ಕೂಡಿಸುವುದು

ರೋಲರ್ ಏರಿಸಿ ಇಳಿಸುವ ಸರಪಳಿ ಒಲೆಯ ಎದುರು ಬದಿಗೆ ಬರಲಿ. ಅಕ್ಕನ ಒಲೆ ಎಡಕ್ಕೆ, ಹಾಗಾಗಿ ಸರಪಳಿ ಬಲಕ್ಕೆ. ಪ್ಲಾಸ್ಟಿಕ್ ಮಣಿಯದು ಬೇಗ ಹಳದಿಯಾಗುತ್ತದೆ, ಸ್ಟೀಲ್ ಮಣಿಯದು ಒರೆಸಿದರೆ ಹೊಸದೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸರಪಳಿಯ ಕುಣಿಕೆ ಸಡಿಲ ಜೋತಾಡಬಾರದು. ಕುತ್ತಿಗೆಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಕೆಳತುದಿಯನ್ನು ಗೋಡೆಗೆ ಬಿಗಿಯುವ ಕ್ಲಿಪ್ ಹಾಕಿಸಿ, ನೆಲದಿಂದ 1.5 ಮೀಟರ್‌ಗಿಂತ ಕೆಳಗೆ ಬರದಂತೆ ನೋಡಿಕೊಳ್ಳಿ. ಮಗು ಹತ್ತಿ ನಿಲ್ಲುವ ಸ್ಟೂಲ್ ಕೂಡ ಅಲ್ಲಿ ಬೇಡ.

ಬ್ರಾಕೆಟ್ ಜಾಗದಲ್ಲಿ ಟೈಲ್ಸ್ ಇದ್ದರೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಗುರುತು ಮಾಡಿ. ಡ್ರಿಲ್‌ನ ಹ್ಯಾಮರ್ ಬಂದ್ ಮಾಡಿ, ಟೈಲ್ಸ್ ಬಿಟ್‌ನಿಂದ ನಿಧಾನಕ್ಕೆ ಹೊಳಪಿನ ಪದರ ದಾಟಿಸಿ. ಟೈಲ್ಸ್ ಪೂರ್ತಿ ತೂತಾದ ಮೇಲೆಯೇ ಹ್ಯಾಮರ್. ಮೊದಲೇ ಹ್ಯಾಮರ್ ಹಾಕಿದರೆ ಟೈಲ್ಸ್ ಬಿರುಕು ಬಿಡುತ್ತದೆ.

ಎರಡೂ ಬ್ರಾಕೆಟ್ ಮಟ್ಟದಲ್ಲಿ ಇರಲೇಬೇಕು. ಕಿಟಕಿಯ ಅಂಚನ್ನು ನಂಬಬೇಡಿ, ಲೆವೆಲ್ ಇಟ್ಟು ನೋಡಿ. ಎರಡು ಮಿ.ಮೀ. ವ್ಯತ್ಯಾಸ ಸಾಕು, ಹಾಳೆ ಪ್ರತಿ ಸುತ್ತಿಗೂ ಒಂದು ಕಡೆ ಸರಿಯುತ್ತ ಹೋಗಿ ಬ್ರಾಕೆಟ್‌ಗೆ ಉಜ್ಜುತ್ತದೆ. ಉಜ್ಜಿದ ಅಂಚಿನಲ್ಲಿ ಲೇಪ ಸುಲಿದು, ಅಲ್ಲಿಂದ ಹಸಿ ಒಳಗೆ ಹೋಗುತ್ತದೆ. ಕೂಡಿಸಿದ ಕೂಡಲೇ ಹತ್ತು ಸಲ ಇಳಿಸಿ ಏರಿಸಿ, ಸುತ್ತಿದ ಅಂಚು ಸಮ ನಿಲ್ಲುತ್ತದೋ ನೋಡಿ.

## ಹಂತ 7: ಒರೆಸುವ ಕ್ರಮ

ಎಣ್ಣೆಯ ತೆಳು ಪದರ ಗಾಳಿಗೆ ಬಿದ್ದು ಬಿದ್ದು ವಾರ್ನಿಶ್‌ನಂತೆ ಗಟ್ಟಿಯಾಗುತ್ತದೆ. ತಿಂಗಳೊಳಗೆ ಸೋಪಿಗೆ ಬರುತ್ತದೆ. ಆರು ತಿಂಗಳ ಮೇಲೆ ಲೇಪವನ್ನೂ ಕಿತ್ತುಕೊಂಡೇ ಬರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ, ಕರಿಯುವುದು ಜಾಸ್ತಿ ಇದ್ದರೆ ಹದಿನೈದು ದಿನಕ್ಕೊಮ್ಮೆ.

ಮೊದಲು ಪೂರ್ತಿ ಇಳಿಸಿ ಒಣ ಬಟ್ಟೆ ಅಥವಾ ಮೆತ್ತನೆ ಬ್ರಷ್‌ನಿಂದ ಹಿಟ್ಟು, ಧೂಳು ಕೆಡವಿ. ಇದನ್ನು ಬಿಟ್ಟು ನೇರ ಹಸಿ ಬಟ್ಟೆ ಹಚ್ಚಿದರೆ ಜೋಳದ ಹಿಟ್ಟು ಗಂಜಿಯಾಗಿ ಮೆತ್ತಿಕೊಳ್ಳುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಲಿಕ್ವಿಡ್ ಸೋಪು. ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ. ಒಂದು ಕೈ ಹಾಳೆಯ ಹಿಂದೆ ಆಸರೆಗೆ ಇಟ್ಟು, ಇನ್ನೊಂದರಿಂದ ಅಡ್ಡಡ್ಡ ಒರೆಸಿ. ಆಸರೆ ಇಲ್ಲದೆ ಒತ್ತಿದರೆ ಹಾಳೆಗೆ ಬೀಳುವ ಮಡಿಕೆ ಮತ್ತೆ ಹೋಗುವುದಿಲ್ಲ. ಬೇರೆ ಬಟ್ಟೆಯಿಂದ ಸಾದಾ ನೀರಲ್ಲಿ ಇನ್ನೊಮ್ಮೆ ಒರೆಸಿ, ಎರಡು ಮೂರು ಗಂಟೆ ಇಳಿಸಿಯೇ ಬಿಡಿ. ಹಸಿ ಇರುವಾಗ ಸುತ್ತಿದರೆ ಒಳಗೆ ಬೂಷ್ಟು.

ವಾಶಿಂಗ್ ಸೋಡಾ ಬೇಡ, ಅಲ್ಯೂಮಿನಿಯಂ ಮಂಕಾಗುತ್ತದೆ. ತಂತಿ ಜುಂಗು ಬೇಡ. ಸೀಮೆ ಎಣ್ಣೆ, ಥಿನ್ನರ್ ಅಂತೂ ಮುಟ್ಟಲೇಬೇಡಿ. ಪಿವಿಸಿ ಲೇಪ ಮೆತ್ತಗಾಗಿ ಆಮೇಲೆ ಬಿರುಸಾಗಿ ಒಡೆಯುತ್ತದೆ, ಒಲೆಯ ಹತ್ತಿರ ಬೆಂಕಿಯ ಭಯ ಬೇರೆ.

## ಕೆಡುತ್ತಿದೆ ಅನ್ನುವ ಗುರುತುಗಳು

ಬೆಳಿಗ್ಗೆ ಮೊದಲ ಸಲ ಇಳಿಸುವಾಗ ಚರ್ ಚರ್ ಸದ್ದು ಬಂದರೆ, ಮುಂಬದಿಯ ಎಣ್ಣೆ ಸುತ್ತಿನೊಳಗೆ ಹಿಂಬದಿಗೆ ಅಂಟುತ್ತಿದೆ. ಅದೇ ದಿನ ಎರಡೂ ಕಡೆ ಒರೆಸಿ. ಹಾಳೆಯ ನಡುವೆ ಅಡ್ಡ ಗೆರೆ ಮೂಡಿದ್ದರೆ ನೀವು ಅದನ್ನು ಯಾವಾಗಲೂ ಅರ್ಧಕ್ಕೇ ನಿಲ್ಲಿಸುತ್ತಿದ್ದೀರಿ. ಕರಿಯುವಾಗ ಪೂರ್ತಿ ಮೇಲೆ ಏರಿಸುವುದನ್ನು ರೂಢಿ ಮಾಡಿ. ಅಂಚು ಸುರುಳಿ ಸುತ್ತಿಕೊಳ್ಳುತ್ತಿದ್ದರೆ ಬಿಸಿ ತಾಗುತ್ತಿದೆ. ಒಲೆಯನ್ನು ಸರಿಸಲು ಆಗುತ್ತದೋ ನೋಡಿ, ಆಗದಿದ್ದರೆ ಬ್ಲೈಂಡ್ ತೆಗೆದುಬಿಡಿ. ವೆನೀಶಿಯನ್ ಇದ್ದವರು ಎತ್ತುವ ದಾರ ಪಟ್ಟಿಯ ತೂತಿನ ಹತ್ತಿರ ಎಳೆ ಬಿಟ್ಟಿದೆಯೋ ನೋಡುತ್ತಿರಿ. ದಾರ ಹರಿದರೆ ಇಡೀ ಕಟ್ಟು ಸಿಂಕಿನೊಳಗೆ ಬೀಳುತ್ತದೆ.

ಕೊನೆಗೆ ಆ 30 ಸೆಂ.ಮೀ. ಹೆಚ್ಚುವರಿ ಹಾಳೆ. ರೋಲರ್‌ನಲ್ಲಿ ಮೊದಲು ಹಾಳಾಗುವುದು ಕೆಳಗಿನ ಗೇಣು ಭಾಗ. ಸಿಂಕಿನ ಸಿಡಿತ, ಒದ್ದೆ ಕೈ, ಎಣ್ಣೆ ಎಲ್ಲ ಅಲ್ಲಿಗೇ. ಮೂರನೇ ವರ್ಷ ಅಕ್ಕನ ಬ್ಲೈಂಡಿನ ಕೆಳ ಅಂಚು ಕಂದಾಗಿತ್ತು. ಕೆಳಪಟ್ಟಿ ಬಿಚ್ಚಿ, ಉಕ್ಕಿನ ಸ್ಕೇಲ್ ಇಟ್ಟು, ಹರಿತ ಬ್ಲೇಡಿನಿಂದ 12 ಸೆಂ.ಮೀ. ನೇರ ಕತ್ತರಿಸಿ, ಪಟ್ಟಿಯನ್ನು ಮತ್ತೆ ಅದುಮಿ ಕೂಡಿಸಿದೆವು. ಇಪ್ಪತ್ತು ನಿಮಿಷದ ಕೆಲಸ. ಕೊಳವೆಯಲ್ಲಿ ಇನ್ನೂ 18 ಸೆಂ.ಮೀ. ಉಳಿದಿದೆ.